ಆ 49 ನಿಮಿಷ ಯಾರ ಲೆಕ್ಕಕ್ಕೆ? ಒಂದು ಹೋಸ್ಟಿಂಗ್ ಎಸ್‌ಎಲ್‌ಎ ಬರೆದ ಅನುಭವ

ನಾನು ಕೆಲಸ ಮಾಡುವುದು ಮೈಸೂರಿನ ಒಂದು ಚಿಕ್ಕ ಹೋಸ್ಟಿಂಗ್ ಕಂಪನಿಯಲ್ಲಿ. ಸರ್ವರ್ ನೋಡಿಕೊಳ್ಳುವುದರ ಜೊತೆಗೆ ಎಸ್‌ಎಲ್‌ಎ ಬರೆಯುವ ಕೆಲಸವೂ ನನ್ನ ತಲೆಗೇ ಬಂದಿದೆ. ಸೇವೆ ಯಾವ ಮಟ್ಟದಲ್ಲಿ ಇರಬೇಕು, ಇಲ್ಲದಿದ್ದರೆ ಗ್ರಾಹಕರಿಗೆ ಏನು ಕೊಡಬೇಕು ಅನ್ನುವ ಒಪ್ಪಂದ ಅದು. ವಕೀಲರು ಕೊನೆಯಲ್ಲಿ ನೋಡುತ್ತಾರೆ ನಿಜ. ಆದರೆ ಯಾವ ನಿಮಿಷವನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದು ಲಾಗ್ ನೋಡುವವರಿಗೇ ಗೊತ್ತಿರುವ ವಿಷಯ. ಇಲ್ಲಿ ಹೇಳುತ್ತಿರುವುದು ಒಂದು ಪತ್ತಿನ ಸಹಕಾರ ಸಂಘಕ್ಕೆ ಬರೆದ ಎಸ್‌ಎಲ್‌ಎ ಬಗ್ಗೆ. ಅವರಿಗೆ 14 ಶಾಖೆಗಳು. ಠೇವಣಿ, ಸಾಲ, ಪಾಸ್‌ಬುಕ್ ಎಲ್ಲವೂ ಒಂದೇ ಸಾಫ್ಟ್‌ವೇರ್‌ನಲ್ಲಿ, ಅದು ಇರುವುದು ಒಂದೇ ಸರ್ವರ್‌ನಲ್ಲಿ.

ಮೊದಲ ಭೇಟಿಯಲ್ಲೇ ಸಂಘದ ಕಾರ್ಯದರ್ಶಿಗಳು ಹಳೆಯ ಹೋಸ್ಟಿಂಗ್‌ನವರು ಕಳಿಸಿದ್ದ ತಿಂಗಳ ವರದಿಯನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ಅಪ್‌ಟೈಮ್, ಅಂದರೆ ಸರ್ವರ್ ನಿಲ್ಲದೆ ಕೆಲಸ ಮಾಡಿದ ಸಮಯ, 99.91% ಅಂತ ಇತ್ತು. ಮಾತು ಕೊಟ್ಟಿದ್ದು 99.9%. ಹಾಗಾಗಿ ಪೆನಾಲ್ಟಿ ಸೊನ್ನೆ.

"ಸರ್, ಆ ತಿಂಗಳು ಒಂದು ದಿನ ಬೆಳಗ್ಗೆ ಹೆಚ್ಚುಕಮ್ಮಿ ಒಂದು ಗಂಟೆ ಯಾವ ಶಾಖೆಯಲ್ಲೂ ಒಂದು ವೋಚರ್ ಹಾಕೋಕೆ ಆಗ್ಲಿಲ್ಲ. ಜನ ಕೌಂಟರ್ ಮುಂದೆ ನಿಂತಿದ್ರು. ಇವರು ನೋಡಿದ್ರೆ ಎಲ್ಲ ಸರಿ ಇತ್ತು ಅಂತಾರೆ. ಸುಳ್ಳು ಅಲ್ವಾ ಇದು?"

ಸುಳ್ಳಲ್ಲ. ಅದೇ ಇಲ್ಲಿನ ತಮಾಷೆ. ಅವರ ಒಪ್ಪಂದದ ಪ್ರಕಾರ ಆ ವರದಿ ಸರಿಯಾಗಿಯೇ ಇತ್ತು. ನಾನು ಹೊಸ ಕರಡು ಬರೆಯಲು ಕೂತಾಗ ಮೊದಲು ಮಾಡಿದ್ದು ಇದೇ ಘಟನೆಯನ್ನು ನಿಮಿಷ ನಿಮಿಷವಾಗಿ ಬಿಡಿಸಿ ನೋಡುವ ಕೆಲಸ.

ಒಂದೇ ಘಟನೆ, ನಾಲ್ಕು ಲೆಕ್ಕ

ಸಂಘದ ಸಾಫ್ಟ್‌ವೇರ್‌ನಲ್ಲಿ ಪ್ರತಿ ವೋಚರ್‌ಗೂ ಸಮಯ ದಾಖಲಾಗುತ್ತದೆ. ಸರ್ವರ್ ನಿಂತ ದಿನ ಕೊನೆಯ ವೋಚರ್ ಬಿದ್ದದ್ದು 10:42ಕ್ಕೆ. ಆಮೇಲೆ ಮೊದಲ ವೋಚರ್ ಬಿದ್ದದ್ದು 11:31ಕ್ಕೆ. ಅಲ್ಲಿಗೆ 49 ನಿಮಿಷ. ಅದು 30 ದಿನದ ತಿಂಗಳು, ಅಂದರೆ 43,200 ನಿಮಿಷ. 99.9% ಅಂದರೆ ತಿಂಗಳಿಗೆ 43.2 ನಿಮಿಷ ನಿಲ್ಲಲು ಅವಕಾಶ. 49 ನಿಮಿಷ ನಿಂತರೆ ಬರುವುದು 99.887%. ಮಾತು ತಪ್ಪಿದ ಹಾಗಾಯಿತು.

ಆದರೆ ಹಳೆಯವರು ಸರ್ವರನ್ನು ಪರೀಕ್ಷಿಸುತ್ತಿದ್ದದ್ದು 5 ನಿಮಿಷಕ್ಕೊಮ್ಮೆ. 10:42ಕ್ಕೆ ನಿಂತದ್ದು ಮೊದಲು ಕಂಡದ್ದು 10:45ರ ಚೆಕ್‌ನಲ್ಲಿ. ಅವರ ಒಪ್ಪಂದದಲ್ಲಿ 'ಎರಡನೇ ಚೆಕ್‌ನಲ್ಲಿ ಖಚಿತವಾದ ಮೇಲೆ ಡೌನ್ ಶುರು' ಅಂತ ಇತ್ತು. ಹಾಗಾಗಿ ಗಡಿಯಾರ ಓಡಲು ಶುರುವಾದದ್ದು 10:50ಕ್ಕೆ. ಮುಗಿದದ್ದು ಕೊನೆಯ ಫೇಲ್ ಆದ ಚೆಕ್‌ಗೆ, ಅಂದರೆ 11:30ಕ್ಕೆ. ಒಟ್ಟು 40 ನಿಮಿಷ. 99.907%. ವರದಿಯಲ್ಲಿ 99.91.

ಅದೇ ಫೇಲ್ ಆದ ಪ್ರತಿ ಚೆಕ್‌ಗೂ 5 ನಿಮಿಷ ಅಂತ ಎಣಿಸಿದ್ದರೆ, 10:45ರಿಂದ 11:30ರವರೆಗೆ 10 ಚೆಕ್, 50 ನಿಮಿಷ. ಇನ್ನು ಕೆಲವು ಒಪ್ಪಂದಗಳಲ್ಲಿ 'ಗ್ರಾಹಕರು ದೂರು ಕೊಟ್ಟ ಕ್ಷಣದಿಂದ' ಅಂತ ಇರುತ್ತದೆ. ಸಂಘದವರು ಫೋನ್ ಮಾಡಿದ್ದು 10:58ಕ್ಕೆ. ಆ ಲೆಕ್ಕದಲ್ಲಿ ಬರೀ 33 ನಿಮಿಷ.

49, 40, 50, 33. ಸರ್ವರ್ ಅದೇ, ಘಟನೆ ಅದೇ. ಎರಡು ಲೆಕ್ಕದಲ್ಲಿ ಪೆನಾಲ್ಟಿ ಇದೆ, ಎರಡರಲ್ಲಿ ಇಲ್ಲ. 99.9 ಅನ್ನುವ ಅಂಕಿ ಮಾತ್ರ ನಾಲ್ಕರಲ್ಲೂ ಒಂದೇ.

ಇದರ ಮೇಲೆ ದಶಮಾಂಶದ ಆಟ ಬೇರೆ. ವರದಿಯನ್ನು ಒಂದೇ ದಶಮಾಂಶಕ್ಕೆ ಹತ್ತಿರ ಮಾಡಿ ಬರೆದರೆ 99.85 ಕೂಡ 99.9 ಆಗಿಬಿಡುತ್ತದೆ. ಅಂದರೆ 43 ನಿಮಿಷದ ಜಾಗದಲ್ಲಿ ಹೆಚ್ಚುಕಡಿಮೆ 65 ನಿಮಿಷ ನಿಂತರೂ ಪಾಸ್. ಅದಕ್ಕೇ ನಾನು ಒಪ್ಪಂದದಲ್ಲಿ ಶೇಕಡಾವಾರನ್ನು ತಲೆಬರಹದಲ್ಲಿ ಮಾತ್ರ ಇಡುತ್ತೇನೆ. ತೀರ್ಮಾನ ಆಗುವುದು ನಿಮಿಷದಲ್ಲಿ. 'ತಿಂಗಳ ಒಟ್ಟು ನಿಮಿಷದ ಸಾವಿರದಲ್ಲಿ ಒಂದು ಭಾಗ, ಹತ್ತಿರ ಮಾಡುವಂತಿಲ್ಲ' ಅಂತ ಬರೆದರೆ ಫೆಬ್ರವರಿಯ 28 ದಿನಕ್ಕೂ ಮಾರ್ಚಿನ 31 ದಿನಕ್ಕೂ ಬೇರೆ ಬೇರೆ ವಾಕ್ಯ ಬೇಕಾಗುವುದಿಲ್ಲ.

ಅಳತೆಯ ವಿಧಾನ

ನಮ್ಮ ಕರಡಿನಲ್ಲಿ ಮೊದಲು ಬರೆದದ್ದೇ ಈ ಭಾಗ. ಪ್ರತಿ ನಿಮಿಷ ಮೂರು ಊರುಗಳಿಂದ ಚೆಕ್ ಹೋಗುತ್ತದೆ: ಬೆಂಗಳೂರು, ಚೆನ್ನೈ, ಮುಂಬೈ. ಮೂರರಲ್ಲಿ ಎರಡು ಕಡೆ, ಸತತ ಎರಡು ನಿಮಿಷ ಫೇಲ್ ಆದರೆ ಡೌನ್. ಆದರೆ ಎಣಿಕೆ ಹಿಂದಕ್ಕೆ ಹೋಗಿ ಮೊದಲ ಫೇಲ್‌ನಿಂದಲೇ ಶುರುವಾಗುತ್ತದೆ. ಹಾಗೆಯೇ ಸತತ ಮೂರು ನಿಮಿಷ ಸರಿ ಬಂದರೆ ಮಾತ್ರ ಮತ್ತೆ ಎದ್ದಿದೆ ಅಂತ ಒಪ್ಪುತ್ತೇವೆ. ಎಣಿಕೆ ನಿಲ್ಲುವುದು ಆ ಮೂರರಲ್ಲಿ ಮೊದಲನೆಯದಕ್ಕೆ. ಈ ಮೂರು ನಿಮಿಷದ ಷರತ್ತು ಯಾಕೆ ಅಂದರೆ, ಸುಸ್ತಾದ ಸರ್ವರ್ ರೀಸ್ಟಾರ್ಟ್ ಆಗಿ ಒಂದು ನಿಮಿಷ ಉಸಿರಾಡಿ ಮತ್ತೆ ಬೀಳುವುದು ತುಂಬ ಸಾಮಾನ್ಯ. ಆ ಒಂದು ನಿಮಿಷವನ್ನು 'ಅಪ್' ಅಂತ ಎಣಿಸಿದರೆ ಒಂದು ದೊಡ್ಡ ಘಟನೆ ಹತ್ತು ಚಿಕ್ಕ ಘಟನೆಗಳಾಗಿ ಕರಗಿಹೋಗುತ್ತದೆ.

ಮೂರು ಊರು ಅಂದರೆ ಸಾಲದು. ಮೂರೂ ಚೆಕ್ ಒಂದೇ ಕ್ಲೌಡ್ ಕಂಪನಿಯ ನೆಟ್‌ವರ್ಕ್ ಮೂಲಕ ಹೋದರೆ ಆ ನೆಟ್‌ವರ್ಕ್ ಕೆಟ್ಟ ದಿನ ಮೂರೂ ಒಟ್ಟಿಗೆ ಕುರುಡಾಗುತ್ತವೆ. ಕನಿಷ್ಠ ಎರಡು ಬೇರೆ ಕಂಪನಿಗಳಿರಬೇಕು ಅಂತ ಸೇರಿಸಿದೆವು.

ಮುಂದಿನ ಪ್ರಶ್ನೆ, ಚೆಕ್ ಯಾವ ಪುಟವನ್ನು ತಟ್ಟಬೇಕು? ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಖಪುಟವನ್ನು ತಟ್ಟುವುದು ಸುಲಭ. ಆದರೆ ಮುಖಪುಟ ಸಾಮಾನ್ಯವಾಗಿ ಸುಮ್ನೆ ಕ್ಯಾಶ್‌ನಿಂದ, ಅಂದರೆ ಮೊದಲೇ ತೆಗೆದಿಟ್ಟ ಪ್ರತಿಯಿಂದ ಬರುತ್ತದೆ. ಡೇಟಾಬೇಸ್ ಸತ್ತು ಮಲಗಿದ್ದರೂ ಅದು ನಗುನಗುತ್ತಾ 200, ಅಂದರೆ 'ಎಲ್ಲ ಸರಿ' ಅನ್ನುವ ಕೋಡ್, ಅಂತ ಉತ್ತರ ಕೊಡುತ್ತದೆ. ಸರಿ, ಡೇಟಾಬೇಸಿಗೆ `SELECT 1` ಅನ್ನುವ ಒಂದು ಚಿಕ್ಕ ಓದುವ ಪ್ರಶ್ನೆ ಕಳಿಸೋಣ ಅಂದರೆ ಅದೂ ಸಾಲದು. ಡಿಸ್ಕ್ ತುಂಬಿದಾಗ ಏನಾಗುತ್ತದೆ ನೋಡಿ. ಡೇಟಾಬೇಸ್ ಓದುವ ಕೆಲಸ ಮಾಡುತ್ತಲೇ ಇರುತ್ತದೆ, ಬರೆಯುವ ಕೆಲಸ ಮಾತ್ರ ನಿಂತುಬಿಡುತ್ತದೆ. ಬ್ಯಾಲೆನ್ಸ್ ಕಾಣುತ್ತದೆ, ವೋಚರ್ ಹಾಕಿದರೆ ಚಕ್ರ ಸುತ್ತುತ್ತಾ ಕೂರುತ್ತದೆ. ಸಂಘಕ್ಕೆ ಅದು ಡೌನ್ ಅಲ್ಲದೆ ಇನ್ನೇನು? ಅದಕ್ಕೇ ನಮ್ಮ ಚೆಕ್ ಪುಟ ಒಂದು ಚಿಕ್ಕ ಬರವಣಿಗೆಯನ್ನೂ ಮಾಡುತ್ತದೆ.

```
UPDATE sla_ping SET ts = NOW() WHERE id = 1;
```

ಇದು ಯಶಸ್ವಿಯಾದರೆ ಮಾತ್ರ ಪುಟ `DB-OK` ಅಂತ ಹೇಳುತ್ತದೆ. 10 ಸೆಕೆಂಡಿನೊಳಗೆ 200 ಜೊತೆಗೆ ಈ ಪದ ಬಂದರೆ ಪಾಸ್, ಇಲ್ಲದಿದ್ದರೆ ಫೇಲ್. ಈ ಸಾಲನ್ನು ಒಪ್ಪಂದದ ಅನುಬಂಧದಲ್ಲಿ ಹೀಗೆಯೇ ಅಚ್ಚು ಹಾಕಿದ್ದೇವೆ. ಆಮೇಲೆ ಯಾರೋ ಸದ್ದಿಲ್ಲದೆ ಚೆಕ್ ಬದಲಿಸಿದರು ಅನ್ನುವ ಮಾತು ಬರಬಾರದಲ್ಲ.

ಈ ಪುಟ ನಮ್ಮದು. ಸಂಘದ ಸಾಫ್ಟ್‌ವೇರ್ ಬರೆದವರು ಬೇರೆ ಕಂಪನಿಯವರು. ಹಾಗಾಗಿ ಇನ್ನೊಂದು ಚೆಕ್ ಅವರ ಲಾಗಿನ್ ಪುಟಕ್ಕೂ ಹೋಗುತ್ತದೆ. ನಮ್ಮ ಪುಟ ಸರಿ ಇದ್ದು ಅವರ ಲಾಗಿನ್ ಫೇಲ್ ಆದರೆ ತೊಂದರೆ ಸಾಫ್ಟ್‌ವೇರ್‌ನಲ್ಲಿದೆ ಅಂತ ಮೊದಲ ಊಹೆ. ಉದಾಹರಣೆಗೆ ಅವರ ಡೆವಲಪರ್ ಮಧ್ಯಾಹ್ನ 12 ಗಂಟೆಗೆ ದೊಡ್ಡ ಟೇಬಲ್ ಒಂದಕ್ಕೆ ಹೊಸ ಕಾಲಂ ಸೇರಿಸಲು ಹೋಗಿ ಅದು ಲಾಕ್ ಆದರೆ ಆ ನಿಮಿಷಗಳು ನಮ್ಮ ಖಾತೆಗೆ ಬರುವುದಿಲ್ಲ. ಎರಡೂ ಫೇಲ್ ಆದರೆ ಪ್ರಶ್ನೆಯೇ ಇಲ್ಲ, ನಮ್ಮದೇ.

ಗಡಿಯಾರದ ವಿಷಯವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಮಾನಿಟರಿಂಗ್ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಯುಟಿಸಿ ಅನ್ನುವ ಜಾಗತಿಕ ಪ್ರಮಾಣ ಸಮಯದಲ್ಲಿ ಲೆಕ್ಕ ಇಡುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ನಸುಕಿನ 2:10ಕ್ಕೆ ಸರ್ವರ್ ಬಿದ್ದರೆ ಯುಟಿಸಿಯಲ್ಲಿ ಅದು ಮಾರ್ಚ್ 31ರ ರಾತ್ರಿ 8:40. ಆ ನಿಮಿಷಗಳು ಯಾವ ತಿಂಗಳಿಗೆ? ಎರಡು ತಿಂಗಳಲ್ಲೂ ಮಿತಿಯ ಅಂಚಿನಲ್ಲಿದ್ದರೆ ಪೆನಾಲ್ಟಿ ಇದೆಯೋ ಇಲ್ಲವೋ ಅನ್ನುವುದು ಇಷ್ಟರ ಮೇಲೆ ನಿಲ್ಲುತ್ತದೆ. ತಿಂಗಳು ಅಂದರೆ ಭಾರತೀಯ ಕಾಲಮಾನದ 1ನೇ ತಾರೀಖಿನ 00:00ರಿಂದ ಅಂತ ಒಂದು ಸಾಲು ಸಾಕು.

ಮಾನಿಟರ್ ಕೂಡ ಕೆಡಬಹುದು. ಡೇಟಾ ಇಲ್ಲದ ನಿಮಿಷವನ್ನು 'ಅಪ್' ಅಂತ ಎಣಿಸಿದರೆ ನಮ್ಮಂಥವರಿಗೆ ತುಂಬ ಅನುಕೂಲ. ಸರ್ವರ್ ಬಿದ್ದಾಗ ಮಾನಿಟರ್ ಕೂಡ ಆಫ್ ಮಾಡಿದರಾಯಿತು! ಹಾಗಾಗಬಾರದು ಅಂತ, ಅಂಥ ನಿಮಿಷಗಳಿಗೆ ವೆಬ್ ಸರ್ವರ್‌ನ ಲಾಗ್ ನೋಡುವುದು, ಅದೂ ಇಲ್ಲದಿದ್ದರೆ ಸಂಘದ ವೋಚರ್ ಸಮಯವನ್ನೇ ಒಪ್ಪುವುದು ಅಂತ ಬರೆದೆವು. ನಮ್ಮ ಮಾಲೀಕರಿಗೆ ಇದು ಇಷ್ಟವಾಗಲಿಲ್ಲ. ಮಾನಿಟರ್ ಕೆಡದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ ಸಾರ್ ಅಂದ ಮೇಲೆ ಒಪ್ಪಿದರು.

ಎಷ್ಟು ಒಂಬತ್ತು?

ಕಾರ್ಯದರ್ಶಿಗಳು ಕೇಳಿದ್ದು 99.99%. ತಿಂಗಳಿಗೆ 4.3 ನಿಮಿಷ. ಒಂದು ಸಲ ಸರ್ವರ್ ರೀಬೂಟ್ ಆಗಿ ಡೇಟಾಬೇಸ್ ಎದ್ದು ನಿಲ್ಲುವಷ್ಟರಲ್ಲಿ ಆ ಕೋಟಾ ಮುಗಿಯುತ್ತದೆ. ಒಂದೇ ಸರ್ವರ್ ಇಟ್ಟುಕೊಂಡು ಆ ಮಾತು ಕೊಡುವವರು ಪೆನಾಲ್ಟಿಯನ್ನು ಮೊದಲೇ ಬೆಲೆಯಲ್ಲಿ ಸೇರಿಸಿರುತ್ತಾರೆ, ಅಥವಾ ಅಳತೆಯ ಭಾಗದಲ್ಲಿ ಕೈಚಳಕ ಮಾಡಿರುತ್ತಾರೆ.

ನಮ್ಮ ಲೆಕ್ಕ ಹೀಗಿತ್ತು. ಡೇಟಾ ಸೆಂಟರ್‌ನವರು ವಿದ್ಯುತ್ತಿಗೆ ನಮಗೆ 99.95% ಮಾತು ಕೊಟ್ಟಿದ್ದಾರೆ, ನೆಟ್‌ವರ್ಕ್‌ಗೆ ಇನ್ನೊಂದು 99.95%. ಎರಡೂ ಬೇಕೇ ಬೇಕು, ಹಾಗಾಗಿ ಗುಣಿಸಬೇಕು: 0.9995 × 0.9995, ಅಂದರೆ ಸುಮಾರು 99.90%. ನಮ್ಮ ಸ್ವಂತ ಸರ್ವರ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮೇಲಿನವರು ಇಬ್ಬರೂ ತಮ್ಮ ಮಿತಿಯವರೆಗೆ ಕೈಕೊಟ್ಟರೆ ನಮ್ಮ ಕೋಟಾ ಅಲ್ಲಿಗೇ ಖಾಲಿ. ವಾಸ್ತವದಲ್ಲಿ ಅವರು ಅಷ್ಟು ಕೆಡುವುದಿಲ್ಲ ಅನ್ನುವ ಹಿಂದಿನ ದಾಖಲೆ ನಮ್ಮ ಬಳಿ ಇತ್ತು. ಅದರ ಧೈರ್ಯದ ಮೇಲೆ 99.9 ಅಂದೆವು. ಅದಕ್ಕಿಂತ ಮೇಲೆ ಬೇಕಾದರೆ ಎರಡನೇ ಸರ್ವರ್, ಇನ್ನೊಂದು ಡೇಟಾ ಸೆಂಟರ್, ತಿಂಗಳ ಬಾಡಿಗೆ ಹೆಚ್ಚುಕಡಿಮೆ ದುಪ್ಪಟ್ಟು. ಸಂಘದ ಆಡಳಿತ ಮಂಡಳಿ ಬೇಡ ಅಂದಿತು.

ಆದರೆ ಅವರ ನಿಜವಾದ ಕಾಳಜಿ ಬೇರೆಯೇ ಇತ್ತು. ಭಾನುವಾರ ರಾತ್ರಿ ಸರ್ವರ್ ಒಂದು ಗಂಟೆ ಮಲಗಿದರೆ ಅವರಿಗೆ ಗೊತ್ತೂ ಆಗುವುದಿಲ್ಲ. ಸೋಮವಾರ 11 ಗಂಟೆಗೆ ಹತ್ತು ನಿಮಿಷ ನಿಂತರೆ ಫೋನ್ ಮೇಲೆ ಫೋನ್. ಇಡೀ ತಿಂಗಳಿಗೆ ಒಂದೇ ಅಂಕಿ ಇಟ್ಟರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಹಾಗಾಗಿ ಶಾಖೆ ತೆರೆದಿರುವ ಹೊತ್ತಿಗೆ ಪ್ರತ್ಯೇಕ ಮಿತಿ ಇಟ್ಟೆವು. ಕೆಲಸದ ದಿನ ಬೆಳಗ್ಗೆ 10ರಿಂದ ಸಂಜೆ 5. ತಿಂಗಳಲ್ಲಿ 25 ಕೆಲಸದ ದಿನ ಇದ್ದರೆ 10,500 ನಿಮಿಷ. ಅದರಲ್ಲಿ 99.8%, ಅಂದರೆ 21 ನಿಮಿಷ. ನೋಡುವುದಕ್ಕೆ 99.8 ಅನ್ನುವುದು 99.9ಕ್ಕಿಂತ ಸಡಿಲ ಅನಿಸುತ್ತದೆ. ಆದರೆ ಹಗಲು ಹೊತ್ತಿನಲ್ಲಿ ನಿಲ್ಲಬಹುದಾದ ಸಮಯ 43 ನಿಮಿಷದಿಂದ 21ಕ್ಕೆ ಇಳಿಯಿತು. ಸಂಘಕ್ಕೆ ಬೇಕಾದದ್ದು ಅದೇ.

ಮೆಂಟೆನೆನ್ಸ್ ನಿಯಮಗಳನ್ನೂ ಇದೇ ದೃಷ್ಟಿಯಲ್ಲಿ ಬರೆದೆವು. ಶನಿವಾರ ರಾತ್ರಿ 11ರಿಂದ ಭಾನುವಾರ ನಸುಕಿನ 4ರೊಳಗೆ ಮಾತ್ರ, 72 ಗಂಟೆ ಮುಂಚೆ ತಿಳಿಸಬೇಕು, ತಿಂಗಳಿಗೆ 4 ಗಂಟೆ ಮೀರುವಂತಿಲ್ಲ. ಮಾರ್ಚ್ ಕೊನೆಯ ವಾರ ಮುಟ್ಟುವಂತಿಲ್ಲ, ಆಗ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಹೇಳಿದ ಹೊತ್ತಿಗಿಂತ ಜಾಸ್ತಿ ಎಳೆದರೆ ಆ ಹೆಚ್ಚಿನ ನಿಮಿಷ ಡೌನ್ ಲೆಕ್ಕಕ್ಕೆ. ಎರಡು ಗಂಟೆ ಕೇಳಿ 80 ನಿಮಿಷದಲ್ಲಿ ಮುಗಿಸಿದರೆ ಒಟ್ಟು ನಿಮಿಷದಿಂದ ಕಳೆಯುವುದು 80 ಮಾತ್ರ.

ಹೊರಗಿಡುವ ಪಟ್ಟಿಯನ್ನು ಚಿಕ್ಕದಾಗಿ ಇಟ್ಟೆವು. ಶಾಖೆಯ ಬ್ರಾಡ್‌ಬ್ಯಾಂಡ್ ರಸ್ತೆ ಅಗೆದು ತುಂಡಾದರೆ ನಮ್ಮದಲ್ಲ, ಮೂರು ಊರಿನ ಚೆಕ್ ಅದನ್ನು ತಾನೇ ತೋರಿಸುತ್ತದೆ. ಡೊಮೇನ್ ಹೆಸರನ್ನು ಸಂಘದವರು ನವೀಕರಿಸದೆ ಬಿಟ್ಟರೆ ನಮ್ಮದಲ್ಲ. ಭೂಕಂಪ, ಪ್ರವಾಹದಂಥ ಕೈಮೀರಿದ ಕಾರಣ ಸರಿ. ಆದರೆ ಕರೆಂಟ್ ಹೋಯಿತು ಅನ್ನುವುದು ಕೈಮೀರಿದ ಕಾರಣವಲ್ಲ, ಜನರೇಟರ್ ಇಡುವುದೇ ಅದಕ್ಕೆ. ಹಾಗೆಯೇ 'ನಮಗೆ ಸೇವೆ ಕೊಡುವವರ ತಪ್ಪು' ಅನ್ನುವ ಸಾಲನ್ನೂ ತೆಗೆದುಹಾಕಿದೆವು. ಬೇರೆಯವರ ಎಸ್‌ಎಲ್‌ಎ ಓದುವಾಗ ನಾನು ಮೊದಲು ಹುಡುಕುವುದು ಈ ಸಾಲನ್ನೇ. ಅದು ಇದ್ದರೆ ಉಳಿದ ಮಾತಿಗೆಲ್ಲ ಬೆಲೆ ಇಲ್ಲ.

ನಿಧಾನವೂ ಒಂದು ತೊಂದರೆಯೇ

9 ಸೆಕೆಂಡಿಗೆ ಉತ್ತರ ಕೊಡುವ ಸರ್ವರ್ ಮೇಲಿನ ಲೆಕ್ಕದಲ್ಲಿ 'ಅಪ್'. ಕೌಂಟರ್‌ನಲ್ಲಿ ಕೂತವರಿಗೆ ಅದು ಹಿಂಸೆ. ಹಾಗಾಗಿ ವೇಗಕ್ಕೆ ಪ್ರತ್ಯೇಕ ಸಾಲು ಬೇಕು. ಇಲ್ಲಿ ಸರಾಸರಿಯನ್ನು ಮಾತ್ರ ನಂಬಬಾರದು. 1,000 ಕೋರಿಕೆಯಲ್ಲಿ 940ಕ್ಕೆ 0.4 ಸೆಕೆಂಡು, 60ಕ್ಕೆ 12 ಸೆಕೆಂಡು ಹಿಡಿಯಿತು ಅಂದುಕೊಳ್ಳಿ. ಸರಾಸರಿ 1.1 ಸೆಕೆಂಡು, ಚೆನ್ನಾಗಿಯೇ ಕಾಣುತ್ತದೆ. ಆ 60 ಜನರನ್ನು ಕೇಳಿ ನೋಡಿ. ನಾವು ಬಳಸಿದ್ದು 95ನೇ ಪರ್ಸೆಂಟೈಲ್. ಅಂದರೆ ನೂರರಲ್ಲಿ 95 ಕೋರಿಕೆಗಳು ಇಷ್ಟು ಸೆಕೆಂಡಿನೊಳಗೆ ಮುಗಿಯಬೇಕು. ಮೇಲಿನ ಉದಾಹರಣೆಯಲ್ಲಿ ಅದು ನೇರವಾಗಿ 12 ಸೆಕೆಂಡು ಅಂತ ತೋರಿಸುತ್ತದೆ. ನಮ್ಮ ಮಿತಿ 2 ಸೆಕೆಂಡು, ಪ್ರತಿ ದಿನದ ಶಾಖೆಯ ಹೊತ್ತಿಗೆ ಲೆಕ್ಕ.

ಎಲ್ಲಿ ಅಳೆಯುವುದು? ವೆಬ್ ಸರ್ವರ್ ಲಾಗ್‌ನಲ್ಲಿ ಎರಡು ಸಮಯ ಸಿಗುತ್ತದೆ.

```
log_format sla '$time_iso8601 $status $request_time '
               '$upstream_response_time $request_uri';
```

`$request_time` ಅಂದರೆ ಕೋರಿಕೆಯ ಮೊದಲ ಬೈಟ್ ಬಂದಾಗಿನಿಂದ ಉತ್ತರದ ಕೊನೆಯ ಬೈಟ್ ಕಳಿಸುವವರೆಗೆ. ಹಳ್ಳಿ ಶಾಖೆಯ ಇಂಟರ್ನೆಟ್ ತೆವಳುತ್ತಿದ್ದರೆ ಅದೂ ಇದರಲ್ಲಿ ಸೇರಿಕೊಳ್ಳುತ್ತದೆ. `$upstream_response_time` ಹಿಂದೆ ಇರುವ ಸಾಫ್ಟ್‌ವೇರ್ ಉತ್ತರ ಕೊಡಲು ತೆಗೆದುಕೊಂಡ ಸಮಯ. ನಾವು ಎರಡನೆಯದನ್ನು ಹಿಡಿದೆವು, ಮೊದಲನೆಯದನ್ನು ವರದಿಯಲ್ಲಿ ಪಕ್ಕಕ್ಕೆ ತೋರಿಸುತ್ತೇವೆ. ಎರಡರ ಅಂತರ ದೊಡ್ಡದಿದ್ದರೆ ಶಾಖೆಯವರು ತಮ್ಮ ಲೈನ್ ನೋಡಿಕೊಳ್ಳಬೇಕು ಅಂತ ಅರ್ಥ. ತಿಂಗಳ ಕೊನೆಯ ದೊಡ್ಡ ವರದಿಗಳು ಸಹಜವಾಗಿಯೇ ಅರ್ಧ ನಿಮಿಷ ತೆಗೆದುಕೊಳ್ಳುತ್ತವೆ. ಆ ಪುಟಗಳ ಹೆಸರನ್ನು ಅನುಬಂಧದಲ್ಲಿ ಬರೆದು ಲೆಕ್ಕದಿಂದ ಬಿಟ್ಟೆವು.

ಫೋನ್ ಎತ್ತುವ ವಿಷಯ ಇದಕ್ಕಿಂತ ಸರಳ. ಎಲ್ಲ ಶಾಖೆ ನಿಂತರೆ ಅದು ಮೊದಲ ದರ್ಜೆಯ ತೊಂದರೆ, ದಿನದ 24 ಗಂಟೆಯೂ 15 ನಿಮಿಷದೊಳಗೆ ಮನುಷ್ಯರೊಬ್ಬರು ಉತ್ತರಿಸಬೇಕು. 'ನಿಮ್ಮ ದೂರು ತಲುಪಿದೆ' ಅನ್ನುವ ಯಂತ್ರದ ಇಮೇಲ್ ಲೆಕ್ಕಕ್ಕಿಲ್ಲ. ನಮ್ಮ ಮಾನಿಟರ್‌ನ ಅಲಾರಂ, ಅವರ ಫೋನ್, ಯಾವುದು ಮೊದಲೋ ಅಲ್ಲಿಂದ ಗಡಿಯಾರ ಶುರು. ಆಮೇಲೆ ಪ್ರತಿ 30 ನಿಮಿಷಕ್ಕೆ ಒಂದು ಸುದ್ದಿ, ಹೇಳಲು ಹೊಸದೇನೂ ಇಲ್ಲದಿದ್ದರೂ. ದರ್ಜೆ ಯಾವುದು ಅಂತ ಹೇಳುವ ಹಕ್ಕು ಸಂಘದವರದ್ದು. ನಾವು ಅದನ್ನು ಇಳಿಸಬೇಕಾದರೆ ಕಾರಣ ಬರೆದು ಕೊಡಬೇಕು. ಇಷ್ಟು ಹೊತ್ತಿನಲ್ಲಿ ಸರಿ ಮಾಡಿಯೇ ತೀರುತ್ತೇವೆ ಅಂತ ಮಾತ್ರ ಬರೆಯಲಿಲ್ಲ. ಅದಕ್ಕೆ ಡೌನ್ ನಿಮಿಷದ ಪೆನಾಲ್ಟಿಯೇ ಒತ್ತಡ ಹಾಕುತ್ತದೆ.

ದುಡ್ಡಿನ ಭಾಗ

ತಿಂಗಳ ಬಾಡಿಗೆ 38,000 ರೂಪಾಯಿ. ಇಡೀ ತಿಂಗಳ ಲೆಕ್ಕದಲ್ಲಿ 99.9ಕ್ಕಿಂತ ಕೆಳಗೆ ಬಂದರೆ 5% ಕಡಿತ, 99.5ಕ್ಕಿಂತ ಕೆಳಗೆ 15%, 99ಕ್ಕಿಂತ ಕೆಳಗೆ 30%. ಶಾಖೆಯ ಹೊತ್ತಿನಲ್ಲಿ 99.8ಕ್ಕಿಂತ ಕೆಳಗೆ 10%, 99.5ಕ್ಕಿಂತ ಕೆಳಗೆ 20%. ಎರಡನ್ನೂ ಕೂಡಿಸುವುದಿಲ್ಲ, ಯಾವುದು ಹೆಚ್ಚೋ ಅದು.

ಹಳೆಯ 49 ನಿಮಿಷವನ್ನು ಇದರಲ್ಲಿ ಹಾಕಿ ನೋಡಿದೆವು. ಇಡೀ ತಿಂಗಳ ಲೆಕ್ಕದಲ್ಲಿ 5%. ಶಾಖೆಯ ಹೊತ್ತಿನಲ್ಲಿ 10,500ಕ್ಕೆ 49, ಅಂದರೆ 99.53%, ಹಾಗಾಗಿ 10%. ಹೆಚ್ಚಿನದು 10%, 3,800 ರೂಪಾಯಿ.

ಕಾರ್ಯದರ್ಶಿಗಳು ಅಂಕಿಯನ್ನು ಒಂದು ಕ್ಷಣ ನೋಡಿದರು. "14 ಶಾಖೆ ಮುಕ್ಕಾಲು ಗಂಟೆ ಕೈಕಟ್ಟಿ ಕೂತಿದ್ದಕ್ಕೆ ಇಷ್ಟೇನಾ ಸರ್?"

ಇಷ್ಟೇ. ಹೋಸ್ಟಿಂಗ್‌ನಲ್ಲಿ ಈ ಕಡಿತ ನಷ್ಟಕ್ಕೆ ಪರಿಹಾರ ಅಲ್ಲ, ಸರಿಯಾಗಿ ಸಿಗದ ಸೇವೆಗೆ ಬೆಲೆ ಇಳಿಸಿದ ಹಾಗೆ. ದೊಡ್ಡ ಕಂಪನಿಗಳದ್ದೂ ಇದೇ ಕಥೆ. ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ ಇಸಿ2ರ ಎಸ್‌ಎಲ್‌ಎ ಕೊಡುವುದೂ ಬಿಲ್‌ನ ಇಷ್ಟು ಪರ್ಸೆಂಟ್ ಕ್ರೆಡಿಟ್ ಮಾತ್ರ. ಅದನ್ನೂ ಗ್ರಾಹಕರೇ ಘಟನೆಯ ನಂತರದ ಎರಡನೇ ಬಿಲ್ಲಿಂಗ್ ಅವಧಿ ಮುಗಿಯುವುದರೊಳಗೆ ಕೇಳಿ ಪಡೆಯಬೇಕು. ಕೇಳದಿದ್ದರೆ ಇಲ್ಲ. ನಾವು ಆ ಷರತ್ತು ಹಾಕಲಿಲ್ಲ. ಪ್ರತಿ ತಿಂಗಳ 5ನೇ ತಾರೀಖಿನೊಳಗೆ ವರದಿ, ಕಡಿತ ಇದ್ದರೆ ತಾನಾಗಿಯೇ ಕ್ರೆಡಿಟ್ ನೋಟ್. ಕ್ರೆಡಿಟ್ ನೋಟ್ ಅಂತಲೇ ಬರೆಯಲು ಕಾರಣ ಇದೆ. ಸೇವೆಯಲ್ಲಿ ಕೊರತೆ ಆದಾಗ ಸಿಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಕ್ರೆಡಿಟ್ ನೋಟ್ ಕೊಡಬಹುದು, ಆಗ ಆ ಮೊತ್ತದ ಮೇಲಿನ ತೆರಿಗೆಯೂ ಇಳಿಯುತ್ತದೆ. ಸುಮ್ನೆ 'ಪೆನಾಲ್ಟಿ' ಅಂತ ಬರೆದು ಚೆಕ್ ಕೊಟ್ಟರೆ ಎರಡೂ ಕಡೆಯ ಅಕೌಂಟೆಂಟ್‌ಗಳು ವರ್ಷದ ಕೊನೆಯಲ್ಲಿ ಫೋನ್ ಮಾಡುತ್ತಾರೆ.

ಸಂಘದ ವಕೀಲರು ಇನ್ನೊಂದು ವಿಷಯ ಎತ್ತಿದರು. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಒಪ್ಪಂದದಲ್ಲಿ ಹೇಳಿದ ಮೊತ್ತ ಮೇಲ್ಮಿತಿ ಇದ್ದ ಹಾಗೆ. ಕೋರ್ಟ್ ಅದರೊಳಗೆ ನ್ಯಾಯವಾದ ಪರಿಹಾರ ಕೊಡುತ್ತದೆ, ಅದನ್ನು ಮೀರುವುದಿಲ್ಲ. ನಮ್ಮ ಕರಡಿನಲ್ಲಿ ಈ ಕಡಿತವೇ ಏಕೈಕ ಪರಿಹಾರ ಅನ್ನುವ ಸಾಲೂ ಇತ್ತು. ಹೋಸ್ಟಿಂಗ್‌ನವರು ಎಲ್ಲರೂ ಹಾಕುವ ಸಾಲು ಅದು, ನಮಗೂ ಬೇಕಿತ್ತು. ವಕೀಲರು ಅದರ ಮೇಲೆ ಗೆರೆ ಎಳೆದರು. ಕೊನೆಗೆ ಆದ ರಾಜಿ ಇದು: ಡೌನ್ ನಿಮಿಷಗಳಿಗೆ ಕಡಿತವೇ ಏಕೈಕ ಪರಿಹಾರ. ಆದರೆ ಡೇಟಾ ಕಳೆದುಹೋದರೆ, ಅಥವಾ ನಮ್ಮ ಕಡೆಯಿಂದ ಘೋರ ನಿರ್ಲಕ್ಷ್ಯ ಆದರೆ ಈ ಮಿತಿ ಅನ್ವಯಿಸುವುದಿಲ್ಲ.

ಡೇಟಾದ ಮಾತು ಬಂದದ್ದು ಒಳ್ಳೆಯದಾಯಿತು, ಅಪ್‌ಟೈಮ್ ಲೆಕ್ಕ ಅದನ್ನು ಹಿಡಿಯುವುದೇ ಇಲ್ಲ. ಸರ್ವರ್ ಕೆಟ್ಟು, ನಿನ್ನೆ ರಾತ್ರಿಯ ಬ್ಯಾಕಪ್ ಹಾಕಿ 20 ನಿಮಿಷದಲ್ಲಿ ಎಬ್ಬಿಸಿದರೆ ಎಲ್ಲ ಮಿತಿಯೂ ಪಾಸ್. ಬೆಳಗ್ಗೆಯಿಂದ ಹಾಕಿದ ವೋಚರ್ ಎಲ್ಲ ಮಾಯ. ಹಾಗಾಗಿ 15 ನಿಮಿಷಕ್ಕಿಂತ ಹೆಚ್ಚಿನ ನಮೂದು ಯಾವತ್ತೂ ಕಳೆದುಹೋಗಬಾರದು ಅಂತ ಬೇರೆ ಸಾಲು ಸೇರಿಸಿ, ಡೇಟಾಬೇಸ್ ಲಾಗ್ ಅಷ್ಟು ಹೊತ್ತಿಗೊಮ್ಮೆ ಇನ್ನೊಂದು ಜಾಗಕ್ಕೆ ಹೋಗುವ ಹಾಗೆ ಮಾಡಿದೆವು.

3,800 ರೂಪಾಯಿಗೆ ನಾವೇನೂ ನಡುಗುವುದಿಲ್ಲ ಅನ್ನುವುದು ಕಾರ್ಯದರ್ಶಿಗಳಿಗೂ ಗೊತ್ತು, ನಮಗೂ ಗೊತ್ತು. ನಾವು ನಿಜವಾಗಿ ಹೆದರುವುದು ಕೊನೆಯ ಕಲಮಿಗೆ. ಆರು ತಿಂಗಳಲ್ಲಿ ಮೂರು ಸಲ ಮಿತಿ ತಪ್ಪಿದರೆ, ಅಥವಾ ಯಾವುದೇ ಒಂದು ತಿಂಗಳು 98%ಗಿಂತ ಕೆಳಗೆ ಬಂದರೆ, ಸಂಘ ನೋಟಿಸ್ ಅವಧಿ ಇಲ್ಲದೆ, ಉಳಿದ ವರ್ಷದ ಬಾಡಿಗೆ ಕಟ್ಟದೆ ಹೊರಟು ಹೋಗಬಹುದು. ಹೋಗುವಾಗ 15 ದಿನದೊಳಗೆ ಪೂರ್ತಿ ಡೇಟಾಬೇಸನ್ನು ಎಸ್‌ಕ್ಯೂಎಲ್ ಡಂಪ್ ರೂಪದಲ್ಲಿ ನಾವು ಕೊಡಬೇಕು. ಅವರು ಅದನ್ನು ಬೇರೆ ಸರ್ವರ್‌ನಲ್ಲಿ ಹಾಕಿ, ಒಟ್ಟು ಖಾತೆಗಳ ಸಂಖ್ಯೆಯೂ ಆ ದಿನದ ಟ್ರಯಲ್ ಬ್ಯಾಲೆನ್ಸೂ ತಾಳೆಯಾಯಿತು ಅಂತ ಬರೆದುಕೊಡುವವರೆಗೆ ನಾವು ಹಳೆಯ ಸರ್ವರ್ ಅಳಿಸುವಂತಿಲ್ಲ, ಅಲ್ಲಿಯವರೆಗಿನ ಖರ್ಚು ನಮ್ಮದೇ. ನಮ್ಮ ಮಾಲೀಕರು ಇಡೀ ಒಪ್ಪಂದದಲ್ಲಿ ಎರಡು ಸಲ ಓದಿದ ಕಲಮು ಇದೊಂದೇ.